ಕಂಡೀಷನ್ ನಂಬರ್ 10⁶ ಇದ್ದರೂ ಸಿಜಿ ಬೇಗ ಮುಗಿಯೋದು ಹೇಗೆ?

ಪ್ರಶ್ನೆ: ಕಾರವಾರದ ಕಾಳಿ ಅಳಿವೆಯ ನೀರಿನ ಮಟ್ಟದ ಮಾದರಿ ಮಾಡ್ತಿದ್ದೇನೆ. ಸಮುದ್ರದ ಕಡೆಯ ಮೂರು ಬಿಂದುಗಳನ್ನು 10⁶ ತೂಕ ಹಾಕಿ ಕಟ್ಟಿದ್ದೇನೆ. ಕಂಡೀಷನ್ ನಂಬರ್ κ = 10⁶, ಆದರೂ ಕಾಂಜುಗೇಟ್ ಗ್ರೇಡಿಯೆಂಟ್, ಅಂದರೆ ಸಿಜಿ, 20 ಸುತ್ತಿನೊಳಗೆ ಮುಗಿಯಿತು. ಯಾಕೆ?

ಉತ್ತರ: ನೀವು ನೋಡಿದ ಸೂತ್ರ ಇದು ಅಲ್ವಾ:

`‖e_k‖_A ≤ 2 ((√κ−1)/(√κ+1))^k ‖e_0‖_A`

ತಪ್ಪು 10⁻⁶ ಪಟ್ಟಿಗೆ ಇಳಿಯಲು ಇದು ಸುಮಾರು 7,250 ಸುತ್ತು ಕೇಳುತ್ತದೆ. ಆದರೆ ಇದು ಗರಿಷ್ಠ ಮಿತಿ ಅಷ್ಟೇ. ಅದಕ್ಕೆ ಗೊತ್ತಿರೋದು ಎರಡು ತುದಿಯ ಐಗನ್ ಮೌಲ್ಯಗಳು ಮಾತ್ರ, ನಡುವೆ ಏನಿದೆ ಅನ್ನೋದಲ್ಲ.

k ಸುತ್ತಿನಲ್ಲಿ ಸಿಜಿ, ಸೊನ್ನೆಯಲ್ಲಿ 1 ಆಗುವ k ಘಾತದ ಬಹುಪದಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸುತ್ತದೆ. ನಿಮ್ಮ ಮೂರು ತೂಕಗಳು 10⁶ರ ಹತ್ತಿರ ಮೂರೇ ಐಗನ್ ಮೌಲ್ಯ ಕೊಡುತ್ತವೆ. ಉಳಿದವು 1ರಿಂದ 4ರೊಳಗೆ ಇವೆ ಅಂದುಕೊಳ್ಳಿ. ಬಹುಪದದ ಮೂರು ಬೇರುಗಳನ್ನು ಆ ದೊಡ್ಡವುಗಳ ಮೇಲೇ ಇಟ್ಟರೆ ಅವುಗಳ ಕಾಟ ಮುಗಿಯಿತು. ಉಳಿದ ಗುಂಪಿಗೆ κ = 4, ಪ್ರತಿ ಸುತ್ತಿಗೆ ಮಿತಿ ಮೂರನೇ ಒಂದಕ್ಕೆ ಇಳಿಯುತ್ತದೆ, 14 ಸುತ್ತು ಸಾಕು. ಒಟ್ಟು 17.

ಒಂದು ಎಚ್ಚರಿಕೆ. ಒಂಟಿ ಮೌಲ್ಯ ಸೊನ್ನೆಯ ಹತ್ತಿರ ಇದ್ದರೆ ಇಷ್ಟು ಅಗ್ಗವಲ್ಲ, ಅಲ್ಲಿ ಬೇರು ಇಟ್ಟರೆ ಬಹುಪದ ಗುಂಪಿನ ಮೇಲೆ ಉಬ್ಬುತ್ತದೆ. ಕಂಪ್ಯೂಟರಿನ ದುಂಡುಗಟ್ಟುವಿಕೆಯಿಂದಲೂ ದೊಡ್ಡ ಮೌಲ್ಯ ಮತ್ತೆ ತಲೆ ಎತ್ತಿ, ಕೆಲವು ಸುತ್ತು ಜಾಸ್ತಿ ಆಗಬಹುದು.