ಇಂಗ್ಲಿಷ್‌ನ ಉದ್ದ ವಾಕ್ಯ ಜಪಾನೀಸ್‌ಗೆ ಬಂದಾಗ ‘ಬಿಕಾಸ್’ ಯಾವುದಕ್ಕೆ ಅಂಟಿಕೊಳ್ಳಬೇಕು?

ಪ್ರಶ್ನೆ: ಸರ್, ನಾನು ಜಪಾನಿನಲ್ಲಿ ಕೃಷಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ಥೀಸಿಸ್ ಇಂಗ್ಲಿಷ್‌ನಲ್ಲಿದೆ, ಸಾರಾಂಶ ಮಾತ್ರ ಜಪಾನೀಸ್‌ನಲ್ಲೂ ಕೊಡಬೇಕು. ಕನ್ನಡದ ಹಾಗೇ ಕ್ರಿಯಾಪದ ಕೊನೆಗೆ ಬರೋ ಭಾಷೆ, ಸುಲಭ ಅಂದುಕೊಂಡಿದ್ದೆ. ಆದರೆ ಸೆನ್ಸೇ ‘ವ್ಯಾಕರಣ ಸರಿ ಇದೆ, ತರ್ಕ ಹಾರಿದೆ’ ಅಂತ ಬರೆದು ವಾಪಸ್ ಕೊಟ್ಟರು. ಅವರು ಗುರುತು ಹಾಕಿದ ವಾಕ್ಯದ ಮೂಲ ಇದು: ‘ಆಲ್ದೋ ಅರ್ಲಿಯರ್ ಸ್ಟಡೀಸ್ ಆಟ್ರಿಬ್ಯೂಟೆಡ್ ದ ಡಿಕ್ಲೈನ್ ಇನ್ ಯೀಲ್ಡ್ ಟು ರೈಸಿಂಗ್ ಟೆಂಪರೇಚರ್ಸ್, ಅವರ್ ರಿಸಲ್ಟ್ಸ್ ಸಜೆಸ್ಟ್ ದಟ್ ಇಟ್ ವಾಸ್ ಕಾಸ್ಡ್ ನಾಟ್ ಬೈ ಹೀಟ್ ಅಲೋನ್ ಬಟ್ ಆಲ್ಸೋ ಬೈ ವಾಟರ್ ಶಾರ್ಟೇಜ್ ಅಟ್ ಫ್ಲವರಿಂಗ್, ವಿಚ್ ಲೋವರ್ಡ್ ದ ಶೇರ್ ಆಫ್ ಫಿಲ್ಡ್ ಗ್ರೇನ್ಸ್, ಬಿಕಾಸ್ ಇರಿಗೇಟೆಡ್ ಫೀಲ್ಡ್ಸ್ ಶೋಡ್ ನೋ ಡಿಕ್ಲೈನ್ ಈವನ್ ಇನ್ ಹಾಟ್ ಇಯರ್ಸ್.’ ನನ್ನ ಅನುವಾದವನ್ನೂ ಲಗತ್ತಿಸಿದ್ದೇನೆ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಅನುವಾದ ಓದಿದೆ. ಇಡೀ ಇಂಗ್ಲಿಷ್ ವಾಕ್ಯವನ್ನು ಒಂದೇ ಜಪಾನೀಸ್ ವಾಕ್ಯದಲ್ಲಿ ಕೂರಿಸಿದ್ದೀರಿ. ಅದು ಕೂತಿದ್ದು ನಾವು ಕನ್ನಡದವರು ಅನ್ನೋ ಕಾರಣಕ್ಕೆ. ‘ನಾನು ನಿನ್ನೆ ಓದಿದ ಪುಸ್ತಕ’ ಅನ್ನೋದು ಅದೇ ಸಾಲಿನಲ್ಲಿ ‘ವತಾಶಿ ಗ ಕಿನೋ ಯೊಂದ ಹೊನ್’ ಆಗುತ್ತೆ, ಒಂದು ಪದವನ್ನೂ ಜರುಗಿಸಬೇಕಿಲ್ಲ. ಹಾಗಾಗಿ ‘ವಿಚ್’ ಕಂಡ ಕೂಡಲೇ ಅದರ ನಂತರ ಬರೋದನ್ನೆಲ್ಲ ನಾಮಪದದ ಮುಂದಕ್ಕೆ ಎತ್ತಿ ಹಾಕೋದು ನಮಗೆ ಅಭ್ಯಾಸವಾಗಿಬಿಡುತ್ತೆ. ಅನುವಾದಕರು ಜಪಾನೀಸ್‌ನಲ್ಲಿ ಇದಕ್ಕೆ ‘ಯಕುಶಿಆಗೆ’ ಅಂತಾರೆ, ಅಂದರೆ ಹಿಂದಿನಿಂದ ಮೇಲಕ್ಕೆ ಅನುವಾದ ಮಾಡಿಕೊಂಡು ಬರೋದು. ಬಂದ ಸಾಲಿನಲ್ಲೇ ಮುಂದಕ್ಕೆ ಹೋಗೋದು ‘ಜುನ್‌ಒಕುರಿ’. ನಿಮ್ಮ ವಾಕ್ಯಕ್ಕೆ ಎರಡೂ ಸ್ವಲ್ಪ ಸ್ವಲ್ಪ ಬೇಕು. ಎಲ್ಲಿ ಯಾವುದು ಅನ್ನೋದೇ ವಿಷಯ.

ಮೊದಲು ‘ವಿಚ್’ ನೋಡೋಣ. ನೀವು ಬರೆದದ್ದು ‘ತೋಜುಕು ಬುಆಯ್ ಒ ಸಗೆತ ಕಯ್ಕಕಿ ನೊ ಮಿಜುಬುಸೊಕು’. ತೋಜುಕು ಬುಆಯ್ ಅಂದರೆ ಕಾಳು ಕಟ್ಟಿದ ಪ್ರಮಾಣ, ಪದ ಸರಿಯಾಗಿಯೇ ಆರಿಸಿದ್ದೀರಿ. ಇದನ್ನು ಕನ್ನಡದಲ್ಲಿ ಹೇಳಿ ನೋಡಿ: ‘ಕಾಳು ಕಟ್ಟೋದನ್ನು ಕಡಿಮೆ ಮಾಡಿದ ಹೂಬಿಡುವ ಹೊತ್ತಿನ ನೀರಿನ ಕೊರತೆ.’ ಎರಡು ತೊಂದರೆ ಕಾಣುತ್ತೆ. ಕಡಿಮೆ ಮಾಡಿದ್ದು ಹೂಬಿಡುವ ಹೊತ್ತೋ, ನೀರಿನ ಕೊರತೆಯೋ ಅಂತ ಓದುಗ ಒಂದು ಕ್ಷಣ ತಡೀತಾನೆ. ಅದು ಚಿಕ್ಕದು. ದೊಡ್ಡ ತೊಂದರೆ ಅಂದರೆ, ನಾಮಪದದ ಮುಂದೆ ಕೂತ ಮಾತು ಎಲ್ಲರಿಗೂ ಗೊತ್ತಿರೋ ಸಂಗತಿಯ ಹಾಗೆ ಕೇಳಿಸುತ್ತೆ. ‘ನಿನ್ನೆ ಬಿದ್ದ ಮರ’ ಅಂದರೆ ಮರ ಬಿತ್ತೋ ಇಲ್ಲವೋ ಅಂತ ಯಾರೂ ಕೇಳಲ್ಲ, ಅಲ್ವಾ? ಇಂಗ್ಲಿಷ್‌ನಲ್ಲಿ ನೀವು ‘ಸಜೆಸ್ಟ್’ ಅಂತ ಎಚ್ಚರಿಕೆಯಿಂದ ಹೇಳಿದ ವಿಷಯ ಜಪಾನೀಸ್‌ನಲ್ಲಿ ಸಾಬೀತಾದ ಸತ್ಯವಾಗಿ ಕೂತಿದೆ.

ಇಂಗ್ಲಿಷ್‌ನಲ್ಲಿ ‘ವಿಚ್’ ಹಿಂದೆ ಅಲ್ಪವಿರಾಮ ಇದ್ದರೆ ಅದು ‘ಯಾವ ಕೊರತೆ’ ಅಂತ ಗುರುತಿಸ್ತಿಲ್ಲ. ಹೊಸ ಸುದ್ದಿ ಸೇರಿಸ್ತಿದೆ: ಕೊರತೆಯಾಯಿತು, ಅದರಿಂದ ಕಾಳು ಕಟ್ಟಲಿಲ್ಲ. ಜಪಾನೀಸ್‌ನಲ್ಲಿ ಈ ಎರಡು ಬಗೆಯ ‘ವಿಚ್’ಗೆ ಬೇರೆ ಬೇರೆ ರೂಪ ಇಲ್ಲ, ಕನ್ನಡದಲ್ಲೂ ಇಲ್ಲ. ಆದ್ದರಿಂದ ಗುರುತಿಸೋ ‘ವಿಚ್’ ಇದ್ದರೆ ನಾಮಪದದ ಮುಂದೆ ಹಾಕಿ, ಸುದ್ದಿ ಸೇರಿಸೋ ‘ವಿಚ್’ ಇದ್ದರೆ ವಾಕ್ಯವನ್ನು ಅಲ್ಲೇ ಕತ್ತರಿಸಿ. ನಿಮ್ಮ ವಾಕ್ಯದಲ್ಲಿ ‘ನೀರು ಹಾಯಿಸಿದ ಗದ್ದೆ’ ಗುರುತಿಸೋ ಜಾತಿ, ಹಾಯಿಸದ ಗದ್ದೆಯಿಂದ ಬೇರೆ ಮಾಡ್ತಿದೆ. ಅದು ‘ಕನ್‌ಗಯ್ ಶಿತ ಸುಯ್ದೆನ್’ ಅಂತಲೇ ಇರಲಿ.

ಇನ್ನು ‘ಬಿಕಾಸ್’. ಸೆನ್ಸೇ ತರ್ಕ ಹಾರಿದೆ ಅಂದದ್ದು ಇಲ್ಲೇ ಅಂತ ನನಗನಿಸುತ್ತೆ. ನೀವು ‘ತಮೆ’ ಹಾಕಿದ್ದೀರಿ: ನೀರು ಹಾಯಿಸಿದ ಗದ್ದೆಯಲ್ಲಿ ಇಳುವರಿ ಇಳಿಯದ ‘ತಮೆ’, ಇಳಿಕೆಗೆ ನೀರಿನ ಕೊರತೆಯೂ ಕಾರಣ. ‘ತಮೆ’ ಒಂದು ಘಟನೆಯಿಂದ ಇನ್ನೊಂದು ಘಟನೆ ನಡೆಯಿತು ಅಂತ ಹೇಳೋ ಪದ. ಮಳೆ ಬಂದ ‘ತಮೆ’ ಆಟ ನಿಂತಿತು, ಹಾಗೆ. ಆದರೆ ಪಕ್ಕದ ಗದ್ದೆಯಲ್ಲಿ ಇಳುವರಿ ಚೆನ್ನಾಗಿದ್ದದ್ದರಿಂದ ಈ ಗದ್ದೆಯಲ್ಲಿ ನೀರಿಗೆ ಬರ ಬಂತೇ? ಇಲ್ಲ. ಆ ಗದ್ದೆ ನಿಮ್ಮ *ತೀರ್ಮಾನಕ್ಕೆ* ಆಧಾರ. ಇಂಗ್ಲಿಷ್‌ನಲ್ಲಿ ‘ಬಿಕಾಸ್’ ಅಂಟಿಕೊಂಡಿರೋದು ‘ಸಜೆಸ್ಟ್’ಗೆ, ‘ಕಾಸ್ಡ್’ಗೆ ಅಲ್ಲ. ನಮ್ಮ ‘ಯಾಕಂದ್ರೆ’ ಎರಡು ಕೆಲಸಕ್ಕೂ ಓಡಾಡುತ್ತೆ, ಅದಕ್ಕೇ ನಮಗೆ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ತೀರ್ಮಾನದ ಆಧಾರಕ್ಕೆ ಪ್ರಬಂಧದ ಜಪಾನೀಸ್‌ನಲ್ಲಿ ‘ಕೊತೊ ಕರ’ ಬರಲಿ, ಕೊನೆಯಲ್ಲಿ ‘ತೊ ಕಂಗಏರರೆರು’ (ಎಂದು ಭಾವಿಸಬಹುದು) ಇರಲಿ.

ಯಾವ ‘ಬಿಕಾಸ್’ ಅಂತ ತಿಳಿಯೋಕೆ ನಾನು ಮಾಡೋದು ಇಷ್ಟೇ. ‘ಹಾಗಂತ ನಿನಗೆ ಹೇಗೆ ಗೊತ್ತು?’ ಅಂತ ಕೇಳ್ತೀನಿ. ‘ಬಿಕಾಸ್’ ನಂತರದ ಮಾತು ಈ ಪ್ರಶ್ನೆಗೆ ಉತ್ತರ ಆದರೆ ಆಧಾರ, ‘ಅದು ಯಾಕಾಯ್ತು?’ ಅನ್ನೋದಕ್ಕೆ ಉತ್ತರ ಆದರೆ ಕಾರಣ. ಆಧಾರಕ್ಕೆ ‘ಕೊತೊ ಕರ’, ಕಾರಣಕ್ಕೆ ‘ತಮೆ’. ‘ತಮೆ’ ಹಾಕುವಾಗಲೂ ಒಂದು ಎಚ್ಚರ: ಅದಕ್ಕೆ ‘ಗೋಸ್ಕರ’ ಅನ್ನೋ ಅರ್ಥವೂ ಇದೆ. ಅದರ ಹಿಂದಿನ ಕ್ರಿಯಾಪದ ಭೂತಕಾಲದಲ್ಲಿದ್ದರೆ ಸಾಮಾನ್ಯವಾಗಿ ಕಾರಣ, ಯಾರೋ ಬೇಕೆಂದು ಮಾಡೋ ಕೆಲಸದ ಮೂಲರೂಪ ಇದ್ದರೆ ಜಾಸ್ತಿ ಉದ್ದೇಶ.

‘ಆಲ್ದೋ’ಗೆ ನೀವು ಕ್ರಿಯಾಪದದ ಬೆನ್ನಿಗೆ ‘ಗ’ ಸೇರಿಸಿದ್ದೀರಿ. ತಪ್ಪಲ್ಲ, ಆದರೆ ಈ ‘ಗ’ ತುಂಬಾ ಸಡಿಲ. ‘ಆದರೆ’ ಅಂತಲೂ ಆಗುತ್ತೆ, ಸುಮ್ನೆ ಎರಡು ಮಾತು ಜೋಡಿಸೋಕೂ ಬರುತ್ತೆ. ಹಿಂದಿನವರ ಮಾತಿಗೂ ನಿಮ್ಮ ಮಾತಿಗೂ ನಡುವಿನ ವಿರೋಧವೇ ಈ ವಾಕ್ಯದ ಜೀವ. ಅದನ್ನು ‘ಗ’ ಮೇಲೆ ಬಿಡಬೇಡಿ, ಪೂರ್ಣವಿರಾಮ ಹಾಕಿ ‘ಶಿಕಶಿ’ಯಿಂದ ಶುರು ಮಾಡಿ.

ಈಗ ಜೋಡಿಸೋಣ. ನಾನಾದರೆ ನಾಲ್ಕು ವಾಕ್ಯ ಮಾಡ್ತೀನಿ:

ಸೆನ್ಕೋ ಕೆನ್ಕ್ಯೂ ದೆ ವ, ಶೂರ್ಯೋ ನೊ ಗೆನ್ಶೋ ವ ಕಿಓನ್ ನೊ ಜೋಶೋ ನಿ ಯೊರು ತೊ ಸರೆತೆ ಕಿತ.
ಶಿಕಶಿ, ಕನ್‌ಗಯ್ ಶಿತ ಸುಯ್ದೆನ್ ದೆ ವ, ಅತ್ಸುಯ್ ತೊಶಿ ನಿ ಮೊ ಗೆನ್ಶೋ ವ ಮಿರರೆನಕತ್ತ.
ಕೊನೊ ಕೊತೊ ಕರ, ಗೆನ್ಶೋ ನೊ ಗೆನ್‌ಇನ್ ವ ಕೋಓನ್ ದಕೆ ದೆ ನಕು, ಕಯ್ಕಕಿ ನೊ ಮಿಜುಬುಸೊಕು ನಿ ಮೊ ಅತ್ತ ತೊ ಕಂಗಏರರೆರು.
ಕೊನೊ ಮಿಜುಬುಸೊಕು ಗ ತೋಜುಕು ಬುಆಯ್ ಒ ಸಗೆ, ಗೆನ್ಶೂ ನಿ ತ್ಸುನಗತ್ತ ಕನೋಸೇ ಗ ಅರು.

ಕನ್ನಡದಲ್ಲಿ ಹೇಳೋದಾದರೆ: ಇಳುವರಿ ಇಳಿದದ್ದು ತಾಪಮಾನ ಏರಿದ್ದರಿಂದ ಅಂತ ಹಿಂದಿನ ಅಧ್ಯಯನಗಳಲ್ಲಿ ಹೇಳ್ತಾ ಬಂದಿದ್ದಾರೆ. ಆದರೆ ನೀರು ಹಾಯಿಸಿದ ಗದ್ದೆಗಳಲ್ಲಿ ಸೆಕೆ ಜಾಸ್ತಿ ಇದ್ದ ವರ್ಷಗಳಲ್ಲೂ ಇಳಿಕೆ ಕಾಣಲಿಲ್ಲ. ಇದರಿಂದ, ಇಳಿಕೆಗೆ ಕಾರಣ ಬಿಸಿ ಮಾತ್ರವಲ್ಲ, ಹೂಬಿಡುವ ಹೊತ್ತಿನ ನೀರಿನ ಕೊರತೆಯೂ ಹೌದು ಎಂದು ಭಾವಿಸಬಹುದು. ಈ ಕೊರತೆ ಕಾಳು ಕಟ್ಟೋ ಪ್ರಮಾಣವನ್ನು ತಗ್ಗಿಸಿ, ಇಳುವರಿ ನಷ್ಟಕ್ಕೆ ದಾರಿ ಮಾಡಿರುವ ಸಾಧ್ಯತೆ ಇದೆ.

ಇಂಗ್ಲಿಷ್‌ನಲ್ಲಿ ತುದಿಗೆ ಇದ್ದ ಗದ್ದೆಯ ಸಾಕ್ಷಿ ಎರಡನೇ ಜಾಗಕ್ಕೆ ಬಂದಿದೆ ನೋಡಿ. ಸುಮ್ನೆ ಬದಲಿಸಿದ್ದಲ್ಲ. ‘ಕೊನೊ ಕೊತೊ ಕರ’ದ ‘ಕೊನೊ’ ಬೆರಳು ಮಾಡೋದು ತನ್ನ ಹಿಂದಿನ ಮಾತಿಗೆ, ಹಾಗಾಗಿ ಸಾಕ್ಷಿ ಅದರ ಬೆನ್ನ ಹಿಂದೆಯೇ ನಿಂತಿರಬೇಕು. ನಡುವೆ ಇನ್ನೊಂದು ವಾಕ್ಯ ತೂರಿಸಿದರೆ ಕೊಂಡಿ ಕಳಚಿತು. ಮೊದಲ ವಾಕ್ಯದ ‘ತೊ ಸರೆತೆ ಕಿತ’ವನ್ನೂ ಬಿಡೋ ಹಾಗಿಲ್ಲ, ಬಿಟ್ಟರೆ ಹಿಂದಿನವರ ಅಭಿಪ್ರಾಯವನ್ನು ನೀವೇ ಹೇಳಿದ ಹಾಗಾಗುತ್ತೆ.

ಕತ್ತರಿಸುವಾಗ ಜನ ಜಾಸ್ತಿ ಎಡವೋದು ಕೊನೆಯ ವಾಕ್ಯದಲ್ಲಿ. ಇಂಗ್ಲಿಷ್‌ನ ಒಂದೇ ‘ಸಜೆಸ್ಟ್’ ತನ್ನ ನಂತರ ಬರೋ ಎಲ್ಲದರ ಮೇಲೂ ಕೊಡೆ ಹಿಡಿದಿರುತ್ತೆ. ವಾಕ್ಯ ಒಡೆದ ಕೂಡಲೇ ಆಚೆಗೆ ಬಿದ್ದ ತುಂಡು ನೆನೆಯುತ್ತೆ. ನಾಲ್ಕನೇ ವಾಕ್ಯ ‘ತ್ಸುನಗತ್ತ’ಕ್ಕೇ ನಿಂತಿದ್ದರೆ ‘ದಾರಿ ಮಾಡಿತು’ ಅನ್ನೋ ಗಟ್ಟಿ ಹೇಳಿಕೆ ಆಗುತ್ತಿತ್ತು. ಅದಕ್ಕೇ ‘ಕನೋಸೇ ಗ ಅರು’ ಸೇರಿಸಿದ್ದು. ಹಿಂದೊಮ್ಮೆ ನಾನು ಒಂದು ವೈದ್ಯಕೀಯ ಪ್ರಬಂಧ ಅನುವಾದ ಮಾಡುವಾಗ ಒಡೆದ ಎರಡನೇ ವಾಕ್ಯಕ್ಕೆ ಇದನ್ನು ಹಾಕೋದು ಮರೆತೆ. ಲೇಖಕರು ‘ಬಹುಶಃ’ ಅಂದದ್ದು ‘ಖಂಡಿತ’ ಅಂತ ಆಯಿತು, ಪರಿಶೀಲಿಸಿದವರು ಆಧಾರ ಎಲ್ಲಿ ಅಂತ ಕೇಳಿದರು. ಅವತ್ತಿನಿಂದ ಪ್ರತಿ ವಾಕ್ಯದ ಬಾಲವನ್ನು ಮಾತ್ರ ಬೇರೆಯಾಗಿ ಒಂದು ಸುತ್ತು ಓದ್ತೀನಿ.

ಅಷ್ಟು ಒಡೆಯಬೇಕಾ, ಜಪಾನೀಸ್ ಉದ್ದ ವಾಕ್ಯ ತಡೆಯುತ್ತಲ್ಲ ಅಂತ ನೀವು ಕೇಳಬಹುದು. ತಡೆಯುತ್ತೆ, ಓದುಗನಿಗೆ ಕಷ್ಟ. ಭೌತವಿಜ್ಞಾನಿ ಆಂಟನಿ ಲೆಗೆಟ್ 1966ರಲ್ಲಿ ಜಪಾನಿನ ಭೌತವಿಜ್ಞಾನಿಗಳಿಗೆ ಇಂಗ್ಲಿಷ್ ಬರವಣಿಗೆ ಬಗ್ಗೆ ಒಂದು ಲೇಖನ ಬರೆದರು. ಜಪಾನೀಸ್‌ನಲ್ಲಿ ಕೊಂಬೆಗಳು ಮೊದಲು ಬಂದು ಕಾಂಡ ಆಮೇಲೆ ಬರಬಹುದು, ಇಂಗ್ಲಿಷ್‌ನಲ್ಲಿ ಓದ್ತಾ ಹೋದ ಹಾಗೇ ಕೊಂಡಿ ಗೊತ್ತಾಗಬೇಕು ಅನ್ನೋದು ಅವರ ಮಾತಿನ ತಿರುಳು. ಕಿನೊಶಿತ ಕೊರೆಒ ಅನ್ನೋ ಭೌತವಿಜ್ಞಾನಿ 1981ರಲ್ಲಿ ಈ ಮಾತನ್ನು ಜಪಾನೀಸ್‌ಗೇ ಹಿಂತಿರುಗಿಸಿ, ಕೊಂಬೆ ಮುಂದೆ ಮಾಡಿದ ವಾಕ್ಯಗಳಿಗೆ ‘ಸಕಮೊಗಿ’ ಅಂತ ಹೆಸರಿಟ್ಟರು. ಸಕಮೊಗಿ ಅಂದರೆ ಶತ್ರು ಬಾರದ ಹಾಗೆ ಕೊಂಬೆಗಳ ಚೂಪು ಹೊರಮುಖವಾಗಿ ನೆಟ್ಟ ಬೇಲಿ. ಜಪಾನಿನವರೇ ಅದನ್ನು ಬಿಡಿ ಅಂತಿರುವಾಗ ನಾವು ಇಂಗ್ಲಿಷ್‌ನಿಂದ ಹೊಸ ಬೇಲಿ ಕಟ್ಟೋದು ಬೇಡ.

ಹಾಗಂತ ಎಲ್ಲವನ್ನೂ ಪುಡಿ ಮಾಡಬೇಡಿ. ವ್ಯಾಖ್ಯೆ ಕೊಡೋ ವಾಕ್ಯ, ‘ಇಂತಿಂಥ ಗದ್ದೆಗಳನ್ನು ಮಾತ್ರ ಆರಿಸಿದೆವು’ ಅನ್ನೋ ವಾಕ್ಯ ಇವುಗಳಲ್ಲಿ ಮುಂದಿನ ವಿವರಣೆ ನಾಮಪದವನ್ನು ಕಟ್ಟಿಹಾಕೋದೇ ಕೆಲಸ, ಅದು ಅಲ್ಲೇ ಇರಬೇಕು. ಅಂಥಲ್ಲಿ ಎರಡು ಮೂರು ವಿವರಣೆ ಸಾಲಾಗಿ ಬಂದರೆ ಉದ್ದದ್ದನ್ನು ಮೊದಲು, ಚಿಕ್ಕದನ್ನು ನಾಮಪದದ ಪಕ್ಕ ಇಡಿ.

ನಿಮ್ಮ ಸಾರಾಂಶದ ಕೊನೆಯ ಪ್ಯಾರಾದಲ್ಲಿ ‘ಡಿಡ್ ನಾಟ್ ಡಿಕ್ಲೈನ್ ಬಿಕಾಸ್ ಆಫ್ ಹೀಟ್’ ಅಂತ ಒಂದು ಕಡೆ ಇದೆ, ಅದನ್ನೂ ತಿದ್ದಿ. ನೀವು ಬರೆದಿರೋ ‘ಕೋಓನ್ ನೊ ತಮೆ ನಿ ಗೆನ್ಶೋ ಶಿನಕತ್ತ’ ಓದಿದರೆ ಬಿಸಿ ಇದ್ದದ್ದರಿಂದ ಇಳುವರಿ ಉಳಿದುಕೊಂಡಿತು ಅನ್ನೋ ಹಾಗಿದೆ. ನಿಮ್ಮ ಮನಸ್ಸಲ್ಲಿರೋದು ‘ಇಳಿದದ್ದು ಬಿಸಿಯಿಂದಲ್ಲ’ ತಾನೇ? ಆ ಕನ್ನಡವನ್ನೇ ಪದಕ್ಕೆ ಪದ ಇಡಿ, ಸರಿಯಾದ ಜಪಾನೀಸ್ ಆಗುತ್ತೆ: ‘ಗೆನ್ಶೋ ಶಿತ ನೊ ವ ಕೋಓನ್ ನೊ ತಮೆ ದೆ ವ ನಯ್.’