ಫ್ರಿಜ್‌ನಲ್ಲಿ ಗಟ್ಟಿಯಾದ ಶೇಂಗಾ ಎಣ್ಣೆ

"ಚಳ್ಳಕೆರೆಯಿಂದ ಗಾಣದ ಶೇಂಗಾ ಎಣ್ಣೆ ತಂದೆ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟಿದ್ದಕ್ಕೆ ಬೆಳ್ಳಗೆ ಗಟ್ಟಿಯಾಗಿದೆ. ಪಾಮ್ ಎಣ್ಣೆ ಬೆರೆಸಿದ್ದಾರೆ ಅಂತ ಅಕ್ಕ ಹೇಳ್ತಾಳೆ. ನಿಜಾನಾ?"

ಇಷ್ಟಕ್ಕೇ ಗಾಣದವರ ಹತ್ತಿರ ಜಗಳಕ್ಕೆ ಹೋಗಬೇಡಿ. ಅಪ್ಪಟ ಶೇಂಗಾ ಎಣ್ಣೆಯೂ ಅಷ್ಟು ತಂಪಿಗೆ ಮಬ್ಬಾಗಿ ಗಂಜಿಯ ಹಾಗೆ ಗಟ್ಟಿಯಾಗುತ್ತದೆ.

ನನಗೂ ಇದೇ ಅನುಮಾನ ಬಂದಿತ್ತು. ಅದಕ್ಕೇ ನಮ್ಮ ಹೊಲದ ಶೇಂಗಾವನ್ನೇ ಗಾಣಕ್ಕೆ ಹಾಕಿಸಿ, ಎದುರಿಗೇ ನಿಂತು ಎಣ್ಣೆ ಹಿಡಿಸಿಕೊಂಡು ಬಂದೆ. ಚೆನ್ನಾಗಿ ಒಣಗಿದ ನಾಲ್ಕು ಸೀಸೆ ತಗೊಂಡೆ (ನೀರಿನ ಪಸೆ ಇದ್ದರೂ ಎಣ್ಣೆ ಮಬ್ಬಾಗುತ್ತದೆ). ಒಂದರಲ್ಲಿ ನಮ್ಮ ಎಣ್ಣೆ, ಒಂದರಲ್ಲಿ ಪಾಮೋಲಿನ್, ಒಂದರಲ್ಲಿ ರಿಫೈನ್ಡ್ ಸೂರ್ಯಕಾಂತಿ. ನಾಲ್ಕನೆಯದರಲ್ಲಿ ನಮ್ಮದೂ ಸೂರ್ಯಕಾಂತಿಯೂ ಅರ್ಧರ್ಧ. ಫ್ರಿಜ್ ಒಳಗೆ ಸುಮಾರು 5 ಡಿಗ್ರಿ ಇತ್ತು.

ಬೆಳಿಗ್ಗೆ ನಮ್ಮದು ಗಟ್ಟಿ, ಪಾಮೋಲಿನ್ ಇನ್ನೂ ಗಟ್ಟಿ, ಸೂರ್ಯಕಾಂತಿ ತಿಳಿ. ನಾನೇ ಕಲಬೆರಕೆ ಮಾಡಿದ ಸೀಸೆ ನಮ್ಮ ಅಪ್ಪಟ ಎಣ್ಣೆಗಿಂತ ತೆಳ್ಳಗಿತ್ತು! ಅಕ್ಕನ ಲೆಕ್ಕದಲ್ಲಿ ಅದೇ ಜಾಸ್ತಿ ಶುದ್ಧ, ಅಲ್ವಾ?

ಕಾರಣ ಶೇಂಗಾದ ಒಳಗೇ ಇದೆ. ಅದರಲ್ಲಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಸ್ವಲ್ಪ ಇರುತ್ತವೆ. ಅರಾಕಿಡಿಕ್, ಬೆಹೆನಿಕ್, ಲಿಗ್ನೋಸೆರಿಕ್ ಅಂತ ಅವುಗಳ ಹೆಸರು. ತಂಪಾದರೆ ಮೊದಲು ಹರಳುಗಟ್ಟುವುದು ಇವೇ. ಪಾಮೋಲಿನ್ ಗಟ್ಟಿಯಾಗುವುದು ಬೇರೆ ಆಮ್ಲದಿಂದ, ಪಾಲ್ಮಿಟಿಕ್‌ನಿಂದ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಈ ಫ್ರಿಜ್ ಪರೀಕ್ಷೆ ಹುಟ್ಟಿದ್ದು ಕೊಬ್ಬರಿ ಎಣ್ಣೆಗೆ. ಅಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ, ಬೇರೆ ಎಣ್ಣೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಯಾರೋ ಅದನ್ನೇ ಸುಮ್ನೆ ಶೇಂಗಾಕ್ಕೂ ಅಂಟಿಸಿದ್ದಾರೆ.

ಲ್ಯಾಬಿನವರು ಇದೇ ಗುಣವನ್ನು ಸರಿಯಾಗಿ ಬಳಸುತ್ತಾರೆ. ಅದಕ್ಕೆ ಬೆಲಿಯರ್ ಪರೀಕ್ಷೆ ಅನ್ನುತ್ತಾರೆ. ಎಣ್ಣೆಯನ್ನು ಕ್ಷಾರದಲ್ಲಿ ಕಾಯಿಸಿ ಸಾಬೂನು ಮಾಡಿ, ಆಲ್ಕೋಹಾಲ್ ಮತ್ತು ಆಮ್ಲ ಹಾಕಿ, ನಿಧಾನಕ್ಕೆ ಆರಿಸುತ್ತಾರೆ. ಯಾವ ಡಿಗ್ರಿಯಲ್ಲಿ ಮಬ್ಬು ಬಂತು ಅಂತ ನೋಡುತ್ತಾರೆ. ಶೇಂಗಾ ಎಣ್ಣೆಗೆ ಅದು 39ರಿಂದ 41 ಡಿಗ್ರಿ. ಬೇರೆ ಎಣ್ಣೆ ಸಾಕಷ್ಟು ಬೆರೆತರೆ ಕೆಳಗಿಳಿಯುತ್ತದೆ. ಆದರೆ ಇಷ್ಟರಿಂದ ಯಾವ ಎಣ್ಣೆ, ಎಷ್ಟು ಬೆರೆತಿದೆ ಅಂತ ಹೇಳೋಕಾಗಲ್ಲ. ಅದಕ್ಕೆ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಆಮ್ಲಗಳನ್ನು ಒಂದೊಂದಾಗಿ ಅಳೆಯಬೇಕು.

ಅನುಮಾನ ಹೋಗದಿದ್ದರೆ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ನೀವೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದು ಷರತ್ತಿದೆ. ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಈಗಾಗಲೇ ಮನೆಗೆ ಬಂದ ಡಬ್ಬಿ ಇದಕ್ಕೆ ನಡೆಯಲ್ಲ, ಹೊಸದಾಗಿ ಕೊಂಡು ಕೊಡಿ.