ಗೇಟಿನವರೆಗೂ ಅಸಲಿಯಾಗಿದ್ದ ಟಿಕೆಟ್

ನನ್ನ ಬಳಿ ಸಮಾಲೋಚನೆಗೆ ಬಂದ ಯುವತಿಯೊಬ್ಬರು ಟಿಕೆಟ್ ಮೋಸಕ್ಕೆ ಸಿಕ್ಕ ಕಥೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ನಿದ್ದೆ ಬರುತ್ತಿಲ್ಲ ಅಂತ ಬಂದವರು 26 ವರ್ಷದ ಯುವತಿ. ಕೆಲಸದಲ್ಲಿ ಗಮನವಿಲ್ಲ, ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ಟಿಕೆಟ್ ವಿಷಯ ಹೊರಬಂದದ್ದು ಎರಡನೇ ಭೇಟಿಯಲ್ಲಿ. ಅಪ್ಪ ಜೀವನವಿಡೀ ಟಿವಿಯಲ್ಲೇ ಕ್ರಿಕೆಟ್ ನೋಡಿದವರು, ಒಂದು ಸಲವಾದರೂ ಮೈದಾನದಲ್ಲಿ ಕೂರಿಸಿ ಫೈನಲ್ ತೋರಿಸಬೇಕು ಅನ್ನುವ ಆಸೆ ಮಗಳಿಗೆ. ಕೊನೆಗೆ ಇಬ್ಬರೂ ಗೇಟಿನಿಂದ ವಾಪಸ್ ಬಂದರು. "ಮೇಡಂ, ದುಡ್ಡು ಹೋಗಿದ್ದಕ್ಕಿಂತ ಅಪ್ಪ ಒಂದು ಮಾತೂ ಬೈಯಲಿಲ್ಲವಲ್ಲ, ಅದೇ ಜಾಸ್ತಿ ಚುಚ್ಚುತ್ತೆ" ಎಂದರು.

ಹೇಗಾಯಿತು ಅಂತ ಮೊದಲಿಂದ ಹೇಳಿಸಿದೆ. ಟಿಕೆಟ್ ಮಾರಾಟ ಶುರುವಾದ ಸ್ವಲ್ಪ ಹೊತ್ತಿಗೇ ಎಲ್ಲ ಖಾಲಿ. ತಂಡದ ಅಭಿಮಾನಿಗಳ ಗುಂಪೊಂದರಲ್ಲಿ "ಎರಡು ಟಿಕೆಟ್ ಬೇಕು, ಯಾರ ಹತ್ತಿರವಾದರೂ ಇದೆಯಾ" ಅಂತ ಬರೆದರು. ಅರ್ಧ ಗಂಟೆಯಲ್ಲಿ ಒಬ್ಬನ ಮೆಸೇಜ್ ಬಂತು. ತಂಗಿಗೆ ಹುಷಾರಿಲ್ಲ, ನನಗೆ ಹೋಗಲಾಗುತ್ತಿಲ್ಲ, ಕೊಂಡ ಬೆಲೆಗೇ ಕೊಡುತ್ತೇನೆ ಎಂದ. ದುಪ್ಪಟ್ಟು ಕೇಳಿದ್ದರೆ ಇವರು ಅನುಮಾನ ಪಡುತ್ತಿದ್ದರು. ಇಡೀ ಊರು ಹುಡುಕುತ್ತಿರುವ ಟಿಕೆಟ್ಟನ್ನು ಗುರುತಿಲ್ಲದವನೊಬ್ಬ ಮುಖಬೆಲೆಗೇ ಕೊಡುತ್ತಾನೆ ಅಂದರೆ ಇನ್ನೂ ಜಾಸ್ತಿ ಅನುಮಾನ ಪಡಬೇಕು, ಆದರೆ ಆ ಹೊತ್ತಿಗೆ ಅದು ಒಳ್ಳೆಯತನದ ಹಾಗೆ ಕಾಣುತ್ತದೆ.

ನಂಬಿಕೆ ಬರಲಿ ಅಂತ ತನ್ನದೆಂದು ಒಂದು ಗುರುತಿನ ಚೀಟಿಯ ಫೋಟೋ ಕಳಿಸಿದ. ಟಿಕೆಟ್ ಆ್ಯಪ್ ತೆರೆದು ತನ್ನ ಬುಕಿಂಗ್ ತೋರಿಸುವ ಸ್ಕ್ರೀನ್ ರೆಕಾರ್ಡಿಂಗ್ ಕೂಡ ಕಳಿಸಿದ. ಅರ್ಧ ಹಣ ಮುಂಗಡ ಕೇಳಿದ, ಹಾಕಿದರು. ಆಮೇಲೆ ಹೆಸರು ಬದಲಾವಣೆಗೆ ಸಣ್ಣ ಶುಲ್ಕ, ಅದು ವಾಪಸ್ ಬರುತ್ತದೆ ಎಂದ. ಅದನ್ನೂ ಹಾಕಿದರು. ಅದಕ್ಕೇ ಅಂತ ಇವರ ಗುರುತಿನ ಚೀಟಿಯ ಫೋಟೋವನ್ನೂ ತರಿಸಿಕೊಂಡ. ಉಳಿದ ಅರ್ಧ ಹಾಕಿದ ಮೇಲೆ ಕ್ಯೂಆರ್ ಕೋಡ್ ಇರುವ ಪಿಡಿಎಫ್ ಬಂತು. ಸ್ಟ್ಯಾಂಡ್, ಸಾಲು, ಸೀಟ್ ನಂಬರ್ ಎಲ್ಲ ಸರಿಯಾಗಿತ್ತು.

ಗೇಟಿನಲ್ಲಿ ಸ್ಕ್ಯಾನ್ ಮಾಡಿದವನು ಹೇಳಿದ್ದು "ಇದು ಆಗಲೇ ಬಳಕೆಯಾಗಿದೆ" ಅಂತ. ನನಗೆ ಇದು ಮುಖ್ಯ ಅನ್ನಿಸಿತು. ಕೋಡ್ ಸುಳ್ಳಾಗಿದ್ದರೆ ಯಂತ್ರ ಅದನ್ನು ಗುರುತಿಸುತ್ತಲೇ ಇರಲಿಲ್ಲ. ಅಂದರೆ ಆ ಟಿಕೆಟ್ ನಿಜಕ್ಕೂ ಇತ್ತು. ಕ್ಯೂಆರ್ ಕೋಡ್‌ನಲ್ಲಿ ಇರುವುದು ಒಂದು ಸಂಖ್ಯೆ ಅಷ್ಟೇ. ಗೇಟಿನ ಯಂತ್ರ ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕುತ್ತದೆ, ಮೊದಲು ತೋರಿಸಿದವರನ್ನು ಒಳಗೆ ಬಿಟ್ಟು "ಬಳಕೆಯಾಗಿದೆ" ಎಂದು ಗುರುತು ಹಾಕುತ್ತದೆ. ಅದೇ ಪಿಡಿಎಫ್ ಎಷ್ಟು ಜನರಿಗೆ ಬೇಕಾದರೂ ಕಳಿಸಬಹುದು, ಒಳಗೆ ಹೋಗುವುದು ಒಬ್ಬರೇ. ಮನೆಯಲ್ಲಿ ಕೂತು ಎಷ್ಟೇ ದಿಟ್ಟಿಸಿ ನೋಡಿದ್ದರೂ ಇವರಿಗೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ನೋಡಲು ಅದರಲ್ಲಿ ತಪ್ಪೇನೂ ಇರಲಿಲ್ಲ. ಇದನ್ನು ವಿವರಿಸಿದಾಗ "ನಾನು ಸರಿಯಾಗಿ ನೋಡಲಿಲ್ಲ" ಅನ್ನುವ ಅವರ ಕೊರಗು ಸ್ವಲ್ಪ ಸಡಿಲವಾಯಿತು.

ಆಮೇಲೆ ಕೇಳಿದೆ, ನಡುವೆ ಎಲ್ಲಾದರೂ ಮನಸ್ಸು ಬೇಡ ಅಂದಿತ್ತಾ? ಅಂದಿತ್ತಂತೆ. ಹಣ ಹಾಕುವಾಗ ಪರದೆ ಮೇಲೆ ಬಂದ ಹೆಸರು ಬೇರೆ, ಚೀಟಿಯಲ್ಲಿದ್ದ ಹೆಸರು ಬೇರೆ. ಕೇಳಿದ್ದಕ್ಕೆ "ಅಣ್ಣನ ಖಾತೆ" ಎಂದ. ಆಗಲೇ ಅರ್ಧ ಹಣ ಕೊಟ್ಟಾಗಿತ್ತು, ಈಗ ಬಿಟ್ಟರೆ ಅದೂ ಹೋಗುತ್ತದಲ್ಲ ಅಂತ ಮುಂದುವರಿದರು. ಮುಂಗಡ ಕೇಳುವುದೇ ಇದಕ್ಕೆ. ಒಮ್ಮೆ ಕೊಟ್ಟ ಮೇಲೆ ಅನುಮಾನ ಬಂದರೂ ಹಿಂದೆ ಸರಿಯುವುದು ಕಷ್ಟವಾಗುತ್ತದೆ. ಅದಕ್ಕೇ ಅವರಿಗೆ ಒಂದು ಕಟ್ಟುಪಾಡು ಬರೆಸಿದೆ: ಒಪ್ಪಿದ ಬೆಲೆಯ ಮೇಲೆ ಎರಡನೇ ಸಲ ಯಾವ ಹೆಸರಲ್ಲಿ ಹಣ ಕೇಳಿದರೂ ಅಲ್ಲಿಗೇ ನಿಲ್ಲಿಸುವುದು, ಕೊಟ್ಟದ್ದು ಹೋದರೂ ಸರಿ.

ಮೊದಲು ಮಾಡಿಸಿದ ಕೆಲಸ ದೂರು. ಭಾರತದಲ್ಲಿ 1930ಕ್ಕೆ ಫೋನ್ ಮಾಡಬೇಕು, cybercrime.gov.in ನಲ್ಲೂ ದಾಖಲಿಸಬಹುದು. ಬೇಗ ಹೇಳಿದರೆ ಹಣ ಹೋದ ಖಾತೆಯಲ್ಲೇ ಅದನ್ನು ತಡೆಹಿಡಿಯಲು ಅವಕಾಶ ಇರುತ್ತದೆ. ಇವರು ನಾಚಿಕೆಯಿಂದ ಹತ್ತು ದಿನ ಸುಮ್ನೆ ಇದ್ದರು, ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹೋಗಿಯಾಗಿತ್ತು. ಆದರೂ ದೂರು ಕೊಡಿಸಿದೆ, ಅದಕ್ಕೆ ಇನ್ನೊಂದು ಕಾರಣವಿದೆ. ಇವರ ಗುರುತಿನ ಚೀಟಿ ಈಗ ಅವನ ಕೈಯಲ್ಲಿದೆ. ಇವರಿಗೆ ತೋರಿಸಿದ ಚೀಟಿಯೂ ಬಹುಶಃ ಹಿಂದೆ ಮೋಸ ಹೋದ ಯಾರದ್ದೋ. ನಾಳೆ ಇವರ ಫೋಟೋ ತೋರಿಸಿ ಇನ್ನೊಬ್ಬರನ್ನು ನಂಬಿಸಿದರೆ ಬೆರಳು ಇವರತ್ತ ತಿರುಗುತ್ತದೆ. ಹಾಗಾಗಿ ಚೀಟಿ ಕಳಿಸಿದ ದಿನಾಂಕ, ಚಾಟ್, ವ್ಯವಹಾರದ ಸಂಖ್ಯೆ ಎಲ್ಲವನ್ನೂ ದೂರಿನಲ್ಲಿ ಸೇರಿಸಿದೆವು. ಹಣ ವಾಪಸ್ ಕೊಡಿಸುತ್ತೇನೆ ಅಂತ ಯಾರಾದರೂ ತಾವಾಗೇ ಫೋನ್ ಮಾಡಿದರೆ ಅದು ಎರಡನೇ ಸುತ್ತಿನ ಮೋಸ, ಮಾತಾಡಬೇಡಿ ಅಂದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಯೇ ಇಲ್ಲ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದರ್ಥ ಅಂತಲೂ ಹೇಳಿದೆ. ಮುಂದಿನ ವಾರವೇ ಅಂಥ ಕರೆ ಬಂತಂತೆ, ಕಟ್ ಮಾಡಿದರು.

ಇನ್ನು ಮುಂದೆ ಟಿಕೆಟ್ ಕೊಳ್ಳಲೇಬಾರದಾ ಅಂತ ಕೇಳಿದರು. ಕೊಳ್ಳಿ, ಆದರೆ ಟಿಕೆಟ್ಟಿನ ಚಿತ್ರವನ್ನು ಕೊಳ್ಳಬೇಡಿ. ಪಂದ್ಯವಾಗಲಿ ಸಂಗೀತ ಕಾರ್ಯಕ್ರಮವಾಗಲಿ, ಆಯೋಜಕರ ಜಾಲತಾಣಕ್ಕೆ ಹೋಗಿ ಟಿಕೆಟ್ ಮಾರುವವರು ಯಾರು ಅಂತ ಅಲ್ಲೇ ನೋಡಬೇಕು. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತಬಾರದು. ಆಯೋಜಕರು ಹೇಳಿದ ಆ ಮಾರಾಟಗಾರರ ತಾಣದಲ್ಲಿ ಅಧಿಕೃತ ಮರುಮಾರಾಟ ಅಥವಾ ವರ್ಗಾವಣೆಯ ಸೌಲಭ್ಯ ಇದೆಯೇ ನೋಡಿ. ಸರಿಯಾದ ವರ್ಗಾವಣೆಯಲ್ಲಿ ಮಾರುವವನ ಹಳೆ ಕೋಡ್ ರದ್ದಾಗಿ ನಿಮ್ಮ ಖಾತೆಯಲ್ಲಿ ಹೊಸದು ಬರುತ್ತದೆ. ಆಗ ಅವನ ಹತ್ತಿರ ಎಷ್ಟು ಪ್ರತಿ ಉಳಿದಿದ್ದರೂ ಗೇಟಿನಲ್ಲಿ ನಡೆಯುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅಲ್ಲಿ ಸ್ಕ್ರೀನ್‌ಶಾಟ್‌ಗೆ ಬೆಲೆಯೇ ಇಲ್ಲ. ಇನ್ನು ಕೆಲವು ಟಿಕೆಟ್‌ಗಳನ್ನು ಬೇರೆಯವರಿಗೆ ಕೊಡುವಂತೆಯೇ ಇಲ್ಲ ಅಂತ ನಿಯಮ ಇರುತ್ತದೆ. ಅಂಥದ್ದನ್ನು ಯಾರು ಎಷ್ಟಕ್ಕೆ ಕೊಟ್ಟರೂ ಬೇಡ.

ಮಾರುವವನಿಗೆ ಒಂದೇ ಪ್ರಶ್ನೆ ಕೇಳಿ ಅಂದೆ: "ಆ್ಯಪ್‌ನಲ್ಲೇ ನನ್ನ ನಂಬರಿಗೆ ವರ್ಗಾಯಿಸ್ತೀರಾ?" ನೆಪ ಹೇಳಿದರೆ ಮಾತು ಮುಗಿಯಿತು. ಹಣವನ್ನೂ ಆ ಅಧಿಕೃತ ಮರುಮಾರಾಟದ ಪುಟದಲ್ಲೇ ಕಾರ್ಡ್‌ನಿಂದ ಕೊಡುವುದು ಲೇಸು, ಮೋಸವಾದರೆ ಬ್ಯಾಂಕಿಗೆ ತಕರಾರು ಸಲ್ಲಿಸಬಹುದು. ಖಾತೆಗೆ ನೇರವಾಗಿ ಹಾಕಿದ ಹಣಕ್ಕೆ ಅಂಥ ದಾರಿ ತೀರಾ ಕಡಿಮೆ. ಟಿಕೆಟ್ ಸಿಗಲಿಲ್ಲ ಅಂತ ಗಾಬರಿಯೂ ಬೇಡ, ಎಷ್ಟೋ ಸಲ ಆಯೋಜಕರು ಉಳಿಸಿಕೊಂಡ ಟಿಕೆಟ್‌ಗಳನ್ನು ದಿನ ಹತ್ತಿರ ಬಂದಾಗ ಬಿಡುತ್ತಾರೆ.

ಕೊನೆಯ ಭೇಟಿಗೆ ಅವರ ತಂದೆಯೂ ಬಂದಿದ್ದರು. ಬೈಯದೆ ಸುಮ್ಮನಿದ್ದದ್ದು ಮಗಳಿಗೆ ನೋವಾಗಬಾರದು ಅಂತ. ಆ ಮೌನವನ್ನು ಅವಳು ಬೇಸರ ಅಂದುಕೊಂಡಿದ್ದಾಳೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಇಬ್ಬರೂ ನನ್ನ ಮುಂದೆಯೇ ಮಾತಾಡಿಕೊಂಡರು. ತಂದೆಗೆ ನಾನು ಹೇಳಿದ್ದು ಇಷ್ಟು: ಮನೆಯಲ್ಲಿ ಯಾರಿಗಾದರೂ ಹೀಗಾದರೆ "ಹೇಗೆ ನಂಬಿದೆ" ಅಂತ ಕೇಳಬೇಡಿ, ಸುಮ್ಮನೂ ಇರಬೇಡಿ. "ಎಷ್ಟು ಹೊತ್ತಿಗೆ ಹಣ ಹಾಕಿದೆ, ವ್ಯವಹಾರದ ಸಂಖ್ಯೆ ಇದೆಯಾ" ಅಂತ ಕೇಳಿ, ಪಕ್ಕದಲ್ಲೇ ಕೂತು ಫೋನ್ ಮಾಡಿಸಿ.